ಅದೇ ಮಾರ್ಕ್ಸ್, ಎರಡು ಲೆಕ್ಕ: ಒಂದರಲ್ಲಿ ಡಿಸ್ಟಿಂಕ್ಷನ್, ಇನ್ನೊಂದರಲ್ಲಿ ಇಲ್ಲ

ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಕಡೆ ನಾನು ಸಂಜೆ ಹೊತ್ತು ಅಕೌಂಟಿಂಗ್ ಕಲಿಸುತ್ತೇನೆ. ಆರು ತಿಂಗಳ ಕೋರ್ಸ್. ಹಗಲು ಅಂಗಡಿಯಲ್ಲೋ ಆಫೀಸಿನಲ್ಲೋ ದುಡಿಯುವವರು, ಡಿಗ್ರಿ ಓದುವವರು, ಎಲ್ಲ ಸೇರಿ ಒಂದು ಇಪ್ಪತ್ತೈದು ಜನ ಬರುತ್ತಾರೆ. ಒಮ್ಮೆ ರಿಸಲ್ಟ್ ಬೋರ್ಡಿಗೆ ಹಾಕಿ ಎರಡು ಗಂಟೆಯೂ ಆಗಿರಲಿಲ್ಲ. ಒಬ್ಬ ಹುಡುಗ ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ ಒಳಗೆ ಬಂದ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ.

"ಸರ್, ಒಂಜಿ ಡೌಟ್."

ಕಾಗದ ನನ್ನದೇ. ಕೋರ್ಸಿನ ಮೊದಲ ದಿನ ಎಲ್ಲರಿಗೂ ಹಂಚಿದ್ದು. ಅದರಲ್ಲಿ ನಾನೇ ಬರೆದಿದ್ದೆ: ಹೋಮ್‌ವರ್ಕ್ 20%, ಟೆಸ್ಟ್ 30%, ಫೈನಲ್ ಪರೀಕ್ಷೆ 50%. ಬೋರ್ಡಿನಲ್ಲಿ ಇವನಿಗೆ 70.8 ಅಂತ ಇತ್ತು. "ಈ ಕಾಗದದ ಪ್ರಕಾರ ಲೆಕ್ಕ ಹಾಕಿದ್ರೆ ನಂಗೆ 80 ಬರ್ತದೆ ಸರ್" ಅಂದ. ನಮ್ಮಲ್ಲಿ 75ರ ಮೇಲೆ ಬಂದರೆ ಡಿಸ್ಟಿಂಕ್ಷನ್. ಹಾಗಾಗಿ ಅವನ ಡೌಟ್ ಸಣ್ಣದೇನಲ್ಲ.

ಕೂಡಿಸುವಾಗ ನೀನೇ ಎಲ್ಲೋ ತಪ್ಪಿದ್ದಿ ಮಾರಾಯ ಅಂತ ಹೇಳಿ ನಾನೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. 80 ಬಂತು. ನನ್ನ ಶೀಟ್ ತೆರೆದು ಮತ್ತೊಮ್ಮೆ ಕೂಡಿಸಿದೆ. 70.8 ಬಂತು. ಅವನ ಲೆಕ್ಕದಲ್ಲೂ ತಪ್ಪಿಲ್ಲ, ನನ್ನ ಕೂಡಿಕೆಯಲ್ಲೂ ತಪ್ಪಿಲ್ಲ. ಮಾರ್ಕ್ಸ್ ಅವೇ. ನಾನು ಕಾಗದದಲ್ಲಿ ಒಂದು ಲೆಕ್ಕ ಹೇಳಿ, ಕಂಪ್ಯೂಟರಿನಲ್ಲಿ ಇನ್ನೊಂದು ಲೆಕ್ಕ ಮಾಡಿದ್ದೆ. ಅಷ್ಟೇ ಆದದ್ದು.

ಈ ಎರಡು ಲೆಕ್ಕಗಳು ಯಾವುವು, ಯಾವಾಗ ಎರಡೂ ಒಂದೇ ಉತ್ತರ ಕೊಡುತ್ತವೆ, ಯಾವಾಗ ಕೊಡುವುದಿಲ್ಲ ಅನ್ನುವುದನ್ನು ಆ ಬ್ಯಾಚಿನ ನಿಜವಾದ ಅಂಕಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಒಂದು ಪಾತ್ರೆ, ಮೂರು ಡಬ್ಬಿ

ಆ ಆರು ತಿಂಗಳಲ್ಲಿ ನಾನು ಕೊಟ್ಟದ್ದು 12 ಹೋಮ್‌ವರ್ಕ್, ತಲಾ 10 ಅಂಕ. ಅಂದರೆ 120. ಎರಡು ಟೆಸ್ಟ್, ತಲಾ 30, ಒಟ್ಟು 60. ಫೈನಲ್ 70ಕ್ಕೆ. ಎಲ್ಲ ಸೇರಿ 250.

ಮೊದಲನೆಯದು ಒಟ್ಟು ಅಂಕದ ಲೆಕ್ಕ. ಸಿಕ್ಕ ಮಾರ್ಕ್ಸನ್ನೆಲ್ಲ ಒಂದೇ ಪಾತ್ರೆಗೆ ಸುರಿಯಿರಿ. 250ರಲ್ಲಿ ಎಷ್ಟು ಬಂತು ನೋಡಿ. ಅದರ ಶೇಕಡಾ ಎಷ್ಟೋ ಅದೇ ಫಲಿತಾಂಶ. ಹೋಮ್‌ವರ್ಕಿನ ಒಂದು ಅಂಕವೂ ಫೈನಲಿನ ಒಂದು ಅಂಕವೂ ಪಾತ್ರೆಗೆ ಬಿದ್ದ ಮೇಲೆ ಒಂದೇ.

ಎರಡನೆಯದು ವೇಟೇಜ್ ಲೆಕ್ಕ. ಇಲ್ಲಿ ಹೋಮ್‌ವರ್ಕಿಗೆ ಒಂದು ಡಬ್ಬಿ, ಟೆಸ್ಟಿಗೆ ಒಂದು, ಫೈನಲಿಗೆ ಒಂದು. ಮೊದಲು ಪ್ರತಿ ಡಬ್ಬಿಯೊಳಗೆ ಶೇಕಡಾ ಎಷ್ಟು ಅಂತ ತೆಗೆಯಬೇಕು. ಆಮೇಲೆ ಡಬ್ಬಿಗೆ ಮೊದಲೇ ಗೊತ್ತು ಮಾಡಿದ ತೂಕದಿಂದ ಗುಣಿಸಿ, ಮೂರನ್ನೂ ಕೂಡಿಸಬೇಕು. ಹೋಮ್‌ವರ್ಕಿನ ಡಬ್ಬಿಯಲ್ಲಿ 120 ಅಂಕ ಇರಲಿ, 1200 ಇರಲಿ, ಅದರಿಂದ ಫಲಿತಾಂಶಕ್ಕೆ ಬರುವುದು ಹೆಚ್ಚೆಂದರೆ 20.

ಈಗ ಮೂವರನ್ನು ನೋಡೋಣ. ಮೊದಲನೆಯವಳು ಮುಂದಿನ ಬೆಂಚಿನ ಹುಡುಗಿ. ಒಂದು ಹೋಮ್‌ವರ್ಕೂ ಬಿಟ್ಟವಳಲ್ಲ, ಪುಸ್ತಕ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು. ಪರೀಕ್ಷೆ ಹಾಲಿಗೆ ಹೋದರೆ ಮಾತ್ರ ಕೈ ನಡುಕ. ಎರಡನೆಯವನು ಕೊಡೆ ಒರಗಿಸಿ ಬಂದ ಹುಡುಗ. ಹಗಲಿಡೀ ಅಂಗಡಿ ಕೆಲಸ, ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಕೊನೆ ಬಸ್ಸು, ಹೋಮ್‌ವರ್ಕಿಗೆ ಪುರುಸೊತ್ತಿಲ್ಲ. ಆದರೆ ಪರೀಕ್ಷೆಯಲ್ಲಿ ಬರೀ ಪಾಸಿಗೆ ನಿಲ್ಲುವವನಲ್ಲ, ಮೇಲೇ ಇರುತ್ತಾನೆ. ಮೂರನೆಯವನು ಎಲ್ಲದರಲ್ಲೂ ಒಂದೇ ಹದದಲ್ಲಿರುವವನು.

| | ಹೋಮ್‌ವರ್ಕ್ (120) | ಟೆಸ್ಟ್ (60) | ಫೈನಲ್ (70) | ಒಟ್ಟು ಅಂಕದ ಲೆಕ್ಕ | ವೇಟೇಜ್ ಲೆಕ್ಕ |
|---|---|---|---|---|---|
| ಹುಡುಗಿ | 114 | 39 | 42 | 78 | 68.5 |
| ಕೊನೆ ಬಸ್ಸಿನವನು | 66 | 48 | 63 | 70.8 | 80 |
| ಒಂದೇ ಹದದವನು | 84 | 42 | 49 | 70 | 70 |

ಹುಡುಗಿಯದನ್ನು ಬಿಡಿಸಿ ನೋಡಿ. ಒಟ್ಟು 195, ಅಂದರೆ 250ಕ್ಕೆ 78%. ವೇಟೇಜಿನಲ್ಲಿ ಹೋಮ್‌ವರ್ಕ್ 95%, ಅದರ 20 ಪಾಲು 19. ಟೆಸ್ಟ್ 65%, ಅದರ 30 ಪಾಲು 19.5. ಫೈನಲ್ 60%, ಅರ್ಧ ಅಂದರೆ 30. ಕೂಡಿಸಿದರೆ 68.5. ಡಿಸ್ಟಿಂಕ್ಷನ್ ಹೋಯಿತು. ಹುಡುಗನದು ತಿರುಗುಮುರುಗು: 177 ಅಂಕ, 70.8%. ವೇಟೇಜಿನಲ್ಲಿ 11, 24, 45 ಕೂಡಿ ಸರಿಯಾಗಿ 80.

ಅರ್ಧ ಅಂಕ, ಕಾಲು ಅಂಕದ ವ್ಯತ್ಯಾಸ ಆಗಿದ್ದರೆ ರೌಂಡ್ ಮಾಡಿದ್ದು ಹೆಚ್ಚುಕಮ್ಮಿ ಆಯಿತು ಅನ್ನಬಹುದಿತ್ತು. ಇಲ್ಲಿ ಒಬ್ಬಳಿಗೆ ಒಂಬತ್ತೂವರೆ ಕಡಿಮೆ, ಒಬ್ಬನಿಗೆ ಒಂಬತ್ತು ಜಾಸ್ತಿ. ಯಾರು ಮುಂದೆ, ಯಾರು ಹಿಂದೆ ಅನ್ನುವುದೇ ಅದಲುಬದಲಾಯಿತು.

ಶೀಟಿನಲ್ಲಿ ನಾನು ಹಾಕಿದ್ದು ಮೊದಲನೇ ಸಾಲು. ಹಾಕಬೇಕಾಗಿದ್ದದ್ದು ಎರಡನೆಯದು:

```
=SUM(B2:D2)/250*100
=B2/120*20+C2/60*30+D2/70*50
```

ಕೂಡಿಸುವ ಬಟನ್ ಒತ್ತುವುದು ಸುಲಭ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಅಕೌಂಟಿಂಗ್ ಕಲಿಸುವವನೇ ಹೀಗೆ ಮಾಡಿದ ಅಂದರೆ ನಗಬೇಡಿ.

ತೂಕ ಇಲ್ಲದ ಲೆಕ್ಕ ಅಂತ ಒಂದಿಲ್ಲ

ಒಟ್ಟು ಅಂಕದ ಲೆಕ್ಕ ನೋಡಿದರೆ ಬಹಳ ಪಾಪದ್ದು ಅಂತ ಕಾಣುತ್ತದೆ. ಯಾರಿಗೂ ಜಾಸ್ತಿ ತೂಕ ಕೊಟ್ಟಿಲ್ಲ, ಸುಮ್ನೆ ಕೂಡಿಸಿದ್ದು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದರಲ್ಲೂ ತೂಕ ಇದೆ. ಆ ತೂಕವನ್ನು ಯಾರೂ ಕೂತು ಯೋಚನೆ ಮಾಡಿ ಇಟ್ಟದ್ದಲ್ಲ, ಅಷ್ಟೇ. ಔಟ್ ಆಫ್ ಎಷ್ಟು ಅನ್ನುವುದೇ ತೂಕವಾಗಿ ಕೂತುಬಿಡುತ್ತದೆ.

ನನ್ನ 250ರಲ್ಲಿ ಹೋಮ್‌ವರ್ಕ್ 120. ಅಂದರೆ 48%. ಟೆಸ್ಟ್ 60, ಅದು 24%. ಫೈನಲ್ 70, ಅದು 28%. ನಾನು ಕಾಗದದಲ್ಲಿ ಬರೆದದ್ದು 20, 30, 50. ಕಂಪ್ಯೂಟರ್ ಮಾಡಿದ್ದು 48, 24, 28. ಫೈನಲಿಗೆ ಅರ್ಧ ಅಂತ ಹೇಳಿ ಕಾಲಿಗಿಂತ ಚೂರು ಜಾಸ್ತಿ ಕೊಟ್ಟ ಹಾಗಾಯಿತು. ಹೋಮ್‌ವರ್ಕಿಗೆ ಐದರಲ್ಲಿ ಒಂದು ಪಾಲು ಅಂತ ಹೇಳಿ ಹತ್ತಿರ ಹತ್ತಿರ ಅರ್ಧ ಕೊಟ್ಟೆ.

ಇದನ್ನು ಒಂದೊಂದು ಅಂಕದ ಬೆಲೆಯಾಗಿ ನೋಡಿದರೆ ಇನ್ನೂ ಸ್ಪಷ್ಟ. ಒಟ್ಟು ಅಂಕದ ಲೆಕ್ಕದಲ್ಲಿ ಎಲ್ಲ ಅಂಕಕ್ಕೂ ಒಂದೇ ರೇಟು, 0.4%. ವೇಟೇಜಿನಲ್ಲಿ ಹೋಮ್‌ವರ್ಕಿನ ಒಂದು ಅಂಕ ಅಂದರೆ 20ನ್ನು 120ರಿಂದ ಭಾಗಿಸಿದ್ದು, ಸುಮಾರು 0.17%. ಫೈನಲಿನ ಒಂದು ಅಂಕ 50ನ್ನು 70ರಿಂದ ಭಾಗಿಸಿದ್ದು, ಸುಮಾರು 0.71%. ಫೈನಲಿನಲ್ಲಿ ಒಂದು ಅಂಕ ಕಳೆದುಕೊಂಡದ್ದನ್ನು ಹೋಮ್‌ವರ್ಕಿನಲ್ಲಿ ತುಂಬಿಸಿಕೊಳ್ಳಬೇಕಾದರೆ ನಾಲ್ಕಕ್ಕಿಂತ ಜಾಸ್ತಿ ಅಂಕ ಬೇಕು. ಹುಡುಗಿಗೆ ಹೋಮ್‌ವರ್ಕಿನಿಂದ ಬಂದ 114 ಅಂಕ ಒಂದು ಲೆಕ್ಕದಲ್ಲಿ 45.6 ಆಯಿತು, ಇನ್ನೊಂದರಲ್ಲಿ ಬರೀ 19.

ವ್ಯತ್ಯಾಸ ಎಷ್ಟು ಬರುತ್ತದೆ ಅಂತ ಮೊದಲೇ ಹೇಳುವುದಕ್ಕೂ ಒಂದು ದಾರಿ ಇದೆ. ಪ್ರತಿ ಡಬ್ಬಿಗೂ "ಹೇಳಿದ ತೂಕ"ದಿಂದ "ಔಟ್ ಆಫ್‌ನಿಂದ ಬಂದ ತೂಕ"ವನ್ನು ಕಳೆಯಿರಿ. ನನ್ನ ಕೋರ್ಸಿನಲ್ಲಿ ಹೋಮ್‌ವರ್ಕಿಗೆ ಮೈನಸ್ 28, ಟೆಸ್ಟಿಗೆ ಪ್ಲಸ್ 6, ಫೈನಲಿಗೆ ಪ್ಲಸ್ 22. ಇವನ್ನು ಕೂಡಿಸಿದರೆ ಸೊನ್ನೆ ಬರಲೇಬೇಕು, ಯಾಕೆಂದರೆ ಒಂದು ಕಡೆ ತೆಗೆದದ್ದನ್ನೇ ಇನ್ನೊಂದು ಕಡೆ ಹಾಕಿದ್ದು. ಈಗ ಪ್ರತಿಯೊಂದನ್ನು ಆ ಡಬ್ಬಿಯ ಶೇಕಡಾದಿಂದ ಗುಣಿಸಿ ಕೂಡಿಸಿ. ಹುಡುಗಿಗೆ: 95ರ 28% ಹೋಯಿತು, ಅದು 26.6. 65ರ 6% ಬಂತು, 3.9. 60ರ 22% ಬಂತು, 13.2. ಹೋದದ್ದು 26.6, ಬಂದದ್ದು 17.1. ನಷ್ಟ 9.5. ಅದೇ 78ರಿಂದ 68.5ಕ್ಕೆ ಇಳಿದದ್ದು.

ಇದರಲ್ಲೇ ಉತ್ತರ ಇದೆ. ಎರಡು ಸಂಗತಿ ಒಟ್ಟಿಗೆ ಇದ್ದರೆ ಮಾತ್ರ ಎರಡು ಲೆಕ್ಕ ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದು, ಹೇಳಿದ ತೂಕವೂ ಔಟ್ ಆಫ್‌ನ ಪಾಲೂ ಬೇರೆ ಇರಬೇಕು. ಎರಡು, ಆ ವಿದ್ಯಾರ್ಥಿ ಒಂದರಲ್ಲಿ ಮೇಲೆ, ಒಂದರಲ್ಲಿ ಕೆಳಗೆ ಇರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಜಗಳ ಇಲ್ಲ. ಮೂರನೆಯವನನ್ನು ನೋಡಿ: ಮೂರು ಡಬ್ಬಿಯಲ್ಲೂ 70%. ತೂಕ ಹೇಗೆ ಬದಲಾಯಿಸಿದರೂ ಅವನಿಗೆ 70ರಿಂದ ಆಚೆ ಈಚೆ ಇಲ್ಲ. ತಪ್ಪು ಲೆಕ್ಕ ಹಾಕಿದ್ದೇನೆ ಅಂತ ಅವನ ಮಾರ್ಕ್ಸ್ ನೋಡಿದವರಿಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ನಾನು ಶೀಟ್ ಮಾಡಿದ ಮೇಲೆ ಪರೀಕ್ಷಿಸಿ ನೋಡಿದ್ದೂ ಅಂಥವನೊಬ್ಬನ ಸಾಲನ್ನೇ. ಸರಿಯಾಗಿದೆ ಅಂತ ಮುಚ್ಚಿಟ್ಟೆ. ಈಗ ಪರೀಕ್ಷಿಸುವುದಾದರೆ ಬೇಕೆಂದೇ ಸೊಟ್ಟ ಮಾರ್ಕ್ಸ್ ಹಾಕುತ್ತೇನೆ: ಹೋಮ್‌ವರ್ಕಿಗೆ ಪೂರ್ತಿ 120, ಉಳಿದದ್ದು ಸೊನ್ನೆ. ಉತ್ತರ 20 ಬಂದರೆ ವೇಟೇಜ್ ಸರಿ ಕೂತಿದೆ. 48 ಬಂದರೆ ಇಲ್ಲ.

ಇಳಿಸುವುದು ಅಂದರೆ ಇದೇ

ವೇಟೇಜ್ ಅನ್ನುವುದು ಹೊರಗಿನಿಂದ ಬಂದ ಹೊಸ ಪದ್ಧತಿ ಏನಲ್ಲ. ನಮ್ಮ ಕಾಲೇಜುಗಳಲ್ಲಿ ದಿನಾ ಹೇಳುವ "ಇಳಿಸುವುದು", "ಕನ್ವರ್ಟ್ ಮಾಡುವುದು" ಅಂದರೆ ಅದೇ. ವಿಟಿಯು ಇಂಜಿನಿಯರಿಂಗ್ ಓದುವ ಮಕ್ಕಳು ಸೆಮಿಸ್ಟರ್ ಕೊನೆಯ ಥಿಯರಿ ಪರೀಕ್ಷೆಯನ್ನು 100ಕ್ಕೆ ಬರೆಯುತ್ತಾರೆ. ಅದನ್ನು 50ಕ್ಕೆ ಇಳಿಸುತ್ತಾರೆ. ಸೆಮಿಸ್ಟರಿನೊಳಗಿನ ಇಂಟರ್ನಲ್ 50, ಎರಡೂ ಸೇರಿ 100. ಇಳಿಸದೆ ಹಾಗೇ ಕೂಡಿಸಿದರೆ 150ರಲ್ಲಿ ಪರೀಕ್ಷೆಗೆ ಮೂರರಲ್ಲಿ ಎರಡು ಪಾಲು ತೂಕ ಬರುತ್ತಿತ್ತು. ಇಳಿಸಿದ್ದರಿಂದ ಅರ್ಧಕ್ಕರ್ಧ ಆಯಿತು.

ಇನ್ನೊಂದು ಕಡೆ ಎಸ್ಸೆಸ್ಸೆಲ್ಸಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. ಇದು ಅಪ್ಪಟ ಒಟ್ಟು ಅಂಕದ ಲೆಕ್ಕ. ಯಾರೂ ತೂಕದ ಮಾತಾಡುವುದಿಲ್ಲ. ಆದರೂ ಪ್ರಥಮ ಭಾಷೆಗೆ 20% ತೂಕ, ಗಣಿತಕ್ಕೆ 16% ತೂಕ ಅದರೊಳಗೆ ಸೇರಿಕೊಂಡಿದೆ. ಕನ್ನಡದಲ್ಲಿ ಚೆನ್ನಾಗಿ ಬರೆಯುವ ಮಗುವಿಗೆ ಇದರಿಂದ ಸ್ವಲ್ಪ ಅನುಕೂಲ. ನನಗಂತೂ ಇದರಲ್ಲಿ ತಕರಾರಿಲ್ಲ.

ಈ ಲೆಕ್ಕದ ಬಿಸಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮನೆಮನೆಗೆ ತಟ್ಟುವುದು ಸಿಇಟಿ ರ್‍ಯಾಂಕ್ ಬಂದಾಗ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಮಾರ್ಕ್ಸಿಗೆ ಅರ್ಧ ತೂಕ, ಸಿಇಟಿಯ ಮಾರ್ಕ್ಸಿಗೆ ಅರ್ಧ. ಪಿಯುಸಿಯದು ಮೂರೂ ಸೇರಿ 300. ಸಿಇಟಿಯದು ವಿಷಯಕ್ಕೆ 60ರಂತೆ 180. "ಪಿಯುಸಿಯಲ್ಲಿ ನಮ್ಮ ಮಗಳಿಗೆ ಅಷ್ಟು ಬಂದು, ರ್‍ಯಾಂಕಿನಲ್ಲಿ ಆ ಹುಡುಗ ಹೇಗೆ ಮುಂದೆ ಹೋದ?" ಅಂತ ಕೇಳುವವರು ಮನಸ್ಸಿನಲ್ಲಿ ಮಾಡುತ್ತಿರುವುದು ಒಟ್ಟು ಅಂಕದ ಲೆಕ್ಕ. ಪರೀಕ್ಷಾ ಪ್ರಾಧಿಕಾರ ಮಾಡುತ್ತಿರುವುದು ವೇಟೇಜ್ ಲೆಕ್ಕ.

ಒಂದು ಉದಾಹರಣೆ ಕಟ್ಟೋಣ. ಒಬ್ಬಳಿಗೆ ಪಿಯುಸಿಯಲ್ಲಿ 291, ಸಿಇಟಿಯಲ್ಲಿ 90. ಇನ್ನೊಬ್ಬನಿಗೆ 255 ಮತ್ತು 117. ಸುಮ್ನೆ ಕೂಡಿಸಿದರೆ ಅವಳಿಗೆ 381, ಅವನಿಗೆ 372. ಅವಳೇ ಮುಂದೆ. ಅರ್ಧರ್ಧ ತೂಕದಲ್ಲಿ ಅವಳ 97% ಮತ್ತು 50% ಸೇರಿ 73.5. ಅವನ 85% ಮತ್ತು 65% ಸೇರಿ 75. ಈಗ ಅವನು ಮುಂದೆ.

ಡಬ್ಬಿ ಎರಡೇ ಇದ್ದಾಗ ಲೆಕ್ಕ ಇನ್ನೂ ಸಲೀಸು. ಸುಮ್ನೆ ಕೂಡಿಸಿದ್ದರೆ ಪಿಯುಸಿಗೆ 480ರಲ್ಲಿ 300, ಅಂದರೆ 62.5% ತೂಕ ಬರುತ್ತಿತ್ತು. ಈಗ 50%. ಹನ್ನೆರಡೂವರೆ ಕಡಿಮೆ. ಎರಡು ಶೇಕಡಾಗಳ ನಡುವಿನ ಅಂತರದ ಎಂಟನೇ ಒಂದು ಪಾಲು, ಅಷ್ಟೇ ವ್ಯತ್ಯಾಸ. ಅವಳ ಅಂತರ 47, ಹಾಗಾಗಿ ಸುಮಾರು 5.9 ಇಳಿಯಿತು. ಅವನ ಅಂತರ 20, ಹಾಗಾಗಿ 2.5 ಮಾತ್ರ ಇಳಿಯಿತು. ಇಬ್ಬರೂ ಇಳಿದರು ನೋಡಿ. ಜಾಸ್ತಿ ಸೊಟ್ಟ ಇದ್ದವಳು ಜಾಸ್ತಿ ಇಳಿದಳು.

ಹಾಗಾದರೆ ಪಿಯುಸಿ ಮಾರ್ಕ್ಸಿಗೆ ನಿಜವಾಗಿ ಅರ್ಧ ಬಲ ಇದೆಯಾ? ಇಲ್ಲಿ ಒಂದು ಸೂಕ್ಷ್ಮ ಇದೆ, ಮೇಷ್ಟ್ರುಗಳೂ ಇದನ್ನು ಮರೆಯುತ್ತಾರೆ. ತೂಕ ಎಷ್ಟೇ ಇರಲಿ, ಎಲ್ಲರಿಗೂ ಹತ್ತಿರ ಹತ್ತಿರ ಒಂದೇ ಮಾರ್ಕ್ಸ್ ಬಂದರೆ ಆ ಡಬ್ಬಿಯಿಂದ ಯಾರೂ ಹಿಂದೆ ಮುಂದೆ ಆಗುವುದಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲರೂ ಹೋಮ್‌ವರ್ಕಿನಲ್ಲಿ 90ರಿಂದ 95% ಒಳಗೆ ಇದ್ದಿದ್ದರೆ, 48% ತೂಕ ಕೊಟ್ಟರೂ ಒಬ್ಬರಿಂದ ಒಬ್ಬರಿಗೆ ಅದರಿಂದ ಹೆಚ್ಚೆಂದರೆ 2.4ರ ಅಂತರ ಬರುತ್ತಿತ್ತು. ಫೈನಲಿನಲ್ಲಿ 40ರಿಂದ 90ರವರೆಗೆ ಹರಡಿದ್ದರೆ, 28% ತೂಕದಲ್ಲೂ ಅಂತರ 14. ರ್‍ಯಾಂಕನ್ನು ನಿರ್ಧರಿಸುವುದು ಆಗ ಫೈನಲೇ. ಇಂಟರ್ನಲಿನಲ್ಲಿ ಎಲ್ಲರಿಗೂ 20ಕ್ಕೆ 18, 19 ಕೊಟ್ಟರೆ ಆಗುವುದೂ ಇದೇ: ಎಲ್ಲರೂ ಒಟ್ಟಿಗೆ ಮೇಲೆ ಹೋಗುತ್ತಾರೆ, ಸಾಲು ಹಾಗೇ ಇರುತ್ತದೆ. ಆದರೆ 75ರ ಗೆರೆಯಂಥದ್ದು ಒಂದಿದ್ದರೆ ಅದನ್ನು ದಾಟುವವರು ಮಾತ್ರ ಜಾಸ್ತಿ ಆಗುತ್ತಾರೆ.

ವೇಟೇಜಿಗೂ ಅದರದ್ದೇ ಹೊಂಡಗಳು

ಇಷ್ಟು ಓದಿ ವೇಟೇಜೇ ಸರಿ ಅಂತ ತೀರ್ಮಾನ ಮಾಡಬೇಡಿ. ನನಗೂ ಅದರ ಕಡೆ ಒಲವು ಇದೆ. ಯಾಕೆಂದರೆ ಸೆಮಿಸ್ಟರ್ ನಡುವೆ ಒಂದು ಹೋಮ್‌ವರ್ಕ್ ಜಾಸ್ತಿ ಕೊಟ್ಟರೂ ಅದು ಫೈನಲಿನ ತೂಕ ಕದಿಯುವುದಿಲ್ಲ. ಒಟ್ಟು ಅಂಕದಲ್ಲಿ ಹದಿಮೂರನೇ ಹೋಮ್‌ವರ್ಕ್ ಕೊಟ್ಟ ಕ್ಷಣ ಹೋಮ್‌ವರ್ಕಿನ ಪಾಲು 48ರಿಂದ 50ಕ್ಕೆ ಏರುತ್ತದೆ. ಆದರೆ ವೇಟೇಜಿನಲ್ಲಿ ಬೀಳುವ ಜಾಗ ಬೇರೆ ಇದೆ.

ಒಂದೇ ಒಂದು ವಸ್ತು ಇರುವ ಡಬ್ಬಿ ಅದರಲ್ಲಿ ಮೊದಲನೆಯದು. ಸೆಮಿನಾರಿಗೆ 10% ಅಂತ ಬರೆದು, ಇಡೀ ಅವಧಿಯಲ್ಲಿ 5 ಅಂಕದ ಒಂದೇ ಸೆಮಿನಾರ್ ಮಾಡಿಸಿದಿರಿ ಅಂತಿಟ್ಟುಕೊಳ್ಳಿ. ಒಂದೊಂದು ಅಂಕಕ್ಕೂ 2% ಬೆಲೆ. ಆ ದಿನ ಜೋರು ಮಳೆ ಬಂದು ಮೂಡಬಿದಿರೆಯಿಂದ ಬರುವ ಹುಡುಗಿ ಬಸ್ಸಿನಲ್ಲೇ ಸಿಕ್ಕಿಹಾಕಿಕೊಂಡಳು. ಐದು ಅಂಕ ಹೋಯಿತು ಅಂತ ಅವಳು ಸಮಾಧಾನ ಮಾಡಿಕೊಂಡಿರುತ್ತಾಳೆ. ಹೋದದ್ದು ಪೂರ್ತಿ 10%. ನನ್ನ ಫೈನಲಿನ ಲೆಕ್ಕದಲ್ಲಿ ಅದು 14 ಅಂಕಕ್ಕೆ ಸಮ.

ಇನ್ನೊಂದು, ಡಬ್ಬಿಯೊಳಗಿನ ಲೆಕ್ಕ. ಟೆಸ್ಟ್ ಡಬ್ಬಿಯಲ್ಲಿ 5 ಅಂಕದ ಒಂದು ಕ್ವಿಜ್, 25 ಅಂಕದ ಒಂದು ಟೆಸ್ಟ್ ಇದೆ. ಒಬ್ಬನಿಗೆ ಕ್ವಿಜಿನಲ್ಲಿ ಐದಕ್ಕೆ ಐದು, ಟೆಸ್ಟಿನಲ್ಲಿ 10. ಡಬ್ಬಿಯೊಳಗೆ ಕೂಡಿಸಿದರೆ 30ಕ್ಕೆ 15, ಅಂದರೆ 50%. ಎರಡರ ಶೇಕಡಾ ತೆಗೆದು ಸರಾಸರಿ ಮಾಡಿದರೆ 100 ಮತ್ತು 40ರ ನಡುವೆ, 70%. ಹೊರಗೆ ಬಿಟ್ಟುಬಂದ ಜಗಳವೇ ಡಬ್ಬಿಯೊಳಗೆ ಮತ್ತೆ ಶುರು. ನನ್ನ ಪುಣ್ಯಕ್ಕೆ ಹೋಮ್‌ವರ್ಕ್ ಎಲ್ಲ ತಲಾ 10, ಟೆಸ್ಟ್ ಎರಡೂ ತಲಾ 30 ಇತ್ತು. ಒಂದೇ ಅಳತೆಯವು ಆದರೆ ಎರಡು ದಾರಿಗೂ ಒಂದೇ ಉತ್ತರ. ಮೂಡಲ್ ಬಳಸುವ ಕಾಲೇಜುಗಳಲ್ಲಿ ಈ ಆಯ್ಕೆ ಹೆಸರು ಸಮೇತ ಕಾಣುತ್ತದೆ: `Natural` ಅಂತ ಇಟ್ಟರೆ ಕೂಡಿಸುತ್ತದೆ, `Mean of grades` ಅಂತ ಇಟ್ಟರೆ ಪ್ರತಿಯೊಂದನ್ನೂ ಸಮ ಮಾಡಿಕೊಂಡು ಸರಾಸರಿ ತೆಗೆಯುತ್ತದೆ. ಗೂಗಲ್ ಕ್ಲಾಸ್‌ರೂಮಿನಲ್ಲಿ ಹೊರಗಿನ ಆಯ್ಕೆ `Total points` ಮತ್ತು `Weighted by category`. ಸೆಟ್ಟಿಂಗಿನಲ್ಲಿ ಯಾವುದಕ್ಕೆ ಟಿಕ್ ಬಿದ್ದಿದೆ ಅಂತ ಮೊದಲ ಅಸೈನ್‌ಮೆಂಟ್ ಹಾಕುವ ಮೊದಲೇ ನೋಡಿಕೊಳ್ಳಿ.

ಮೂರನೆಯದು ಖಾಲಿ ಡಬ್ಬಿ. ಕೋರ್ಸ್ ಮುಗಿಯುವ ಮೊದಲು "ನಾನೀಗ ಎಲ್ಲಿದ್ದೇನೆ ಸರ್?" ಅಂತ ಕೇಳಿದರೆ ಏನು ಹೇಳುವುದು? ಫೈನಲ್ ಆಗಿಲ್ಲ. ಹುಡುಗಿಯ ಹೋಮ್‌ವರ್ಕ್, ಟೆಸ್ಟ್ ಮಾತ್ರ ಹಿಡಿದರೆ ಒಟ್ಟು ಅಂಕದಲ್ಲಿ 180ಕ್ಕೆ 153, ಅಂದರೆ 85%. ವೇಟೇಜಿನಲ್ಲಿ ಆಗಿರುವ 50 ಪಾಲಿಗೆ 38.5 ಬಂದಿದೆ, ಅದನ್ನು ನೂರಕ್ಕೆ ಏರಿಸಿದರೆ 77%. ನಾನು ಮೇಲೆ ಕೊಟ್ಟ ಸೂತ್ರ ಶೀಟಿನ ಖಾಲಿ ಸೆಲ್ಲನ್ನು ಸೊನ್ನೆ ಅಂತ ಹಿಡಿಯುತ್ತದೆ, ಹಾಗಾಗಿ ಅದು 38.5 ಅಂತಲೇ ತೋರಿಸುತ್ತದೆ. ಒಂದೇ ಹುಡುಗಿ, ಒಂದೇ ದಿನ: 85, 77, 38.5. ಮೂರೂ ನಿಜ. ಕೊನೆಗೆ ಅವಳು ನಿಂತದ್ದು 68.5ಕ್ಕೆ, ಯಾಕೆಂದರೆ ಬಾಕಿ ಇದ್ದ ಅರ್ಧವೇ ಅವಳಿಗೆ ಕಷ್ಟದ್ದು. ನಡುವೆ ಯಾರಾದರೂ ಕೇಳಿದರೆ ನಾನೀಗ ಶೇಕಡಾ ಹೇಳುವುದಿಲ್ಲ. ಬಂದದ್ದು 50ಕ್ಕೆ 38.5, ಇನ್ನು 50 ಬಾಕಿ ಇದೆ, ಡಿಸ್ಟಿಂಕ್ಷನ್ ಬೇಕಾದರೆ ಅದರಲ್ಲಿ 36.5 ತೆಗೆಯಬೇಕು, ಅಂದರೆ ಫೈನಲಿನಲ್ಲಿ 70ಕ್ಕೆ 52 ಆದರೂ ಬೇಕು ಅಂತ ಬಿಡಿಸಿ ಹೇಳುತ್ತೇನೆ. ಅವಳಿಗೆ ಹೀಗೆ ಹೇಳುವವರು ಇರಲಿಲ್ಲ.

ಬೋರ್ಡಿನಿಂದ ಕಾಗದ ತೆಗೆದ ಮೇಲೆ

ಮತ್ತೆ ಆ ಸಂಜೆಗೆ ಬರುತ್ತೇನೆ. ಲಿಸ್ಟನ್ನು ಬೋರ್ಡಿನಿಂದ ತೆಗೆದೆ. ಯಾವ ಲೆಕ್ಕ ನ್ಯಾಯದ್ದು ಅಂತ ಚರ್ಚೆ ಮಾಡುವ ಹಕ್ಕು ಆ ಹೊತ್ತಿಗೆ ನನಗಿರಲಿಲ್ಲ. ಮೊದಲ ದಿನ ಕಾಗದದಲ್ಲಿ ಬರೆದು ಕೊಟ್ಟಾಗಿದೆ. ಅಂಗಡಿ ಹುಡುಗ ಹೋಮ್‌ವರ್ಕ್ ಬಿಟ್ಟದ್ದೂ ಆ 20% ನೋಡಿಕೊಂಡೇ ಇರಬೇಕು. ಅಷ್ಟು ಹೋದರೂ ಪರವಾಗಿಲ್ಲ, ಫೈನಲಿಗೆ ಓದುತ್ತೇನೆ ಅಂತ ಅವನು ಲೆಕ್ಕ ಹಾಕಿದ್ದರೆ ಆ ಲೆಕ್ಕ ಸರಿಯೇ. ಆಟ ಮುಗಿದ ಮೇಲೆ ನಿಯಮ ಬದಲಾಯಿಸಿದವನು ನಾನು.

ಮರುದಿನ ಹೊಸ ಲಿಸ್ಟ್ ಹಾಕುವ ಮೊದಲು ಹುಡುಗಿಯನ್ನು ಕರೆದು ಕೂರಿಸಿದೆ. ಎರಡೂ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದೆ, ನನ್ನ ತಪ್ಪು ಅಂತಲೂ ಹೇಳಿದೆ. ಅವಳು 0.17 ಅನ್ನುವ ಅಂಕಿಯ ಮೇಲೆ ಸುಮಾರು ಹೊತ್ತು ಬೆರಳಿಟ್ಟುಕೊಂಡು ಕೂತಿದ್ದಳು.

"ಹಾಗಾದ್ರೆ ಹನ್ನೆರಡು ಹೋಮ್‌ವರ್ಕ್ ಸುಮ್ನೆ ಬರೆದದ್ದಾ ಸರ್?"

ಸುಮ್ನೆ ಅಲ್ಲ, 19 ಬಂದಿದೆ ಅಂದೆ. ಅವಳಿಗೆ ಅದು ಉತ್ತರ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಹತ್ತು ಅಂಕದ ಹೋಮ್‌ವರ್ಕನ್ನು ವಾರ ಬಿಟ್ಟು ವಾರ ಕೊಟ್ಟು, 30ರ ಟೆಸ್ಟನ್ನು ಎರಡೇ ಸಲ ಕೊಟ್ಟರೆ ಮಕ್ಕಳು ಯಾವುದನ್ನು ದೊಡ್ಡದು ಅಂದುಕೊಳ್ಳುತ್ತಾರೆ? ಕಾಗದದಲ್ಲಿ ಏನೇ ಬರೆದಿರಲಿ, ಪುಸ್ತಕದಲ್ಲಿ ಬೀಳುವ ಅಂಕಿ ಬೇರೆಯೇ ಹೇಳುತ್ತಿತ್ತು.

ಮುಂದಿನ ಬ್ಯಾಚಿಗೆ ಔಟ್ ಆಫ್‌ಗಳನ್ನೇ ಬದಲಾಯಿಸಿದೆ. ಹತ್ತು ಹೋಮ್‌ವರ್ಕ್, ತಲಾ 2 ಅಂಕ, ಒಟ್ಟು 20. ಎರಡು ಟೆಸ್ಟ್, ತಲಾ 15, ಒಟ್ಟು 30. ಫೈನಲ್ 50ಕ್ಕೆ. ಈಗ ತೂಕವೂ ಔಟ್ ಆಫ್ ಪಾಲೂ ಒಂದೇ. ಸುಮ್ನೆ ಕೂಡಿಸಿದರೂ, ಡಬ್ಬಿ ಮಾಡಿ ತೂಗಿದರೂ ಒಂದೇ ಉತ್ತರ. ನನ್ನ ಕೈ ಕೂಡಿಸುವ ಬಟನ್ನಿಗೆ ಹೋದರೂ ತೊಂದರೆ ಇಲ್ಲ. ಎರಡು ಅಂಕಕ್ಕೆ ಹೋಮ್‌ವರ್ಕ್ ತಿದ್ದುವುದು ಕಷ್ಟ, ಅರ್ಧ ಅಂಕ ಕೊಡಬೇಕಾಗುತ್ತದೆ, ಅದು ಬೇರೆ ವಿಷಯ. ಮತ್ತೆ ಹನ್ನೊಂದನೆಯ ಹೋಮ್‌ವರ್ಕ್ ಕೊಡುವ ಆಸೆಯಾದರೆ ಈ ಸಮ ಕೆಡುತ್ತದೆ. ಆಗ ಅದಕ್ಕೆ ಮಾರ್ಕ್ಸ್ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಮಾರ್ಕ್ಸ್ ಇಲ್ಲ ಅಂದ ಆ ಹನ್ನೊಂದನೆಯದನ್ನು ಹೋದ ಬ್ಯಾಚಿನಲ್ಲಿ ಬರೆದು ತಂದವರು ನಾಲ್ಕು ಜನ.